ಶೇ 1ರ ಡ್ರಾಪ್ 300 ಸಲ ಆದರೂ ಬೀಳದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಒಬ್ಬ ಬಾಸ್ ಇದ್ದಾನೆ. ಅವನನ್ನು ಪ್ರತಿ ಸಲ ಕೊಂದಾಗಲೂ ಒಂದು ಖಡ್ಗ ಬೀಳುವ ಸಾಧ್ಯತೆ ಶೇ 1. ಗೇಮ್‌ನವರು ಆ ಅಂಕಿಯನ್ನು ಪ್ರಕಟಿಸಿದ್ದಾರೆ, ಅದು ನಿಜವೂ ಹೌದು. ಆದರೂ ಆಟಗಾರರು ತಿಂಗಳುಗಟ್ಟಲೆ ಬರಿಗೈಯಲ್ಲಿ ಕೂತಿರುತ್ತಾರೆ. ಆಟಗಾರರ ಬಾಯಲ್ಲಿ ಇದಕ್ಕೆ 'ಡ್ರೈ ಹೋಗೋದು' ಅಂತ ಹೆಸರು. ನಾವಿಲ್ಲಿ 'ಬರ' ಅಂತಲೂ ಕರೆದಿದ್ದೇವೆ.

## ಮೊದಲ ಪಾಠ

ಶೇ 1 ಅಂದ್ರೆ ನೂರು ಸಲ ಕೊಂದ್ರೆ ಒಂದು ಬರ್ಲೇಬೇಕು ತಾನೆ?

ಬರಲೇಬೇಕು ಅಂತೇನಿಲ್ಲ. ಒಂದು ಡಬ್ಬಿಯಲ್ಲಿ ನೂರು ಚೀಟಿ ಇವೆ, ಒಂದರ ಮೇಲೆ ಮಾತ್ರ 'ಖಡ್ಗ' ಅಂತ ಬರೆದಿದೆ ಅಂದುಕೊಳ್ಳಿ. ತೆಗೆದ ಚೀಟಿಯನ್ನು ಪಕ್ಕಕ್ಕಿಡುತ್ತಾ ಹೋದರೆ ನೂರನೇ ಸಲದೊಳಗೆ ಖಡ್ಗದ ಚೀಟಿ ಸಿಕ್ಕೇ ಸಿಗುತ್ತದೆ. ನಮ್ಮ ಮನಸ್ಸಿನಲ್ಲಿರುವ ಶೇ 1 ಈ ಡಬ್ಬಿ. ಗೇಮ್‌ನಲ್ಲಿರುವ ಡಬ್ಬಿ ಬೇರೆ. ಅಲ್ಲಿ ತೆಗೆದ ಚೀಟಿಯನ್ನು ಮತ್ತೆ ಒಳಗೆ ಹಾಕಿ, ಕುಲುಕಿ, ಆಮೇಲೆ ಮುಂದಿನ ಸಲ ತೆಗೆಯುತ್ತಾರೆ. ಹಾಗಾಗಿ ಪ್ರತಿ ಸಲವೂ ಡಬ್ಬಿಯಲ್ಲಿ ನೂರು ಚೀಟಿ, ಖಾಲಿ ಚೀಟಿ ಬರುವ ಸಾಧ್ಯತೆ ಶೇ 99.

ಸತತ ನೂರು ಸಲವೂ ಖಾಲಿ ಬರುವ ಸಾಧ್ಯತೆ ಬೇಕಿದ್ದರೆ 0.99ನ್ನು ನೂರು ಸಲ ಗುಣಿಸಬೇಕು. ಉತ್ತರ 0.366. ಅಂದರೆ ನೂರು ಕೊಂದವರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಜನ ಇನ್ನೂ ಬರಿಗೈಯಲ್ಲೇ ಇರುತ್ತಾರೆ. ರೇಟ್ ಸುಳ್ಳಾಗದೆಯೇ ಹೀಗಾಗುತ್ತದೆ. ಮುಂದಿನ ಬಹುಪಾಲು ಉತ್ತರಗಳು ಈ ಎರಡು ಡಬ್ಬಿಗಳ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಹಾಗಾದ್ರೆ ಎಷ್ಟು ಸಲ ಕೊಂದ್ರೆ ಸಿಗುತ್ತೆ? ಒಂದು ನಂಬರ್ ಹೇಳಿ ಸಾಕು.

ಒಂದೇ ನಂಬರ್ ಹೇಳಿದರೆ ಮೋಸ ಮಾಡಿದಂತಾಗುತ್ತದೆ, ನಾಲ್ಕು ಹೇಳುತ್ತೇವೆ. `n` ಸಲ ಕೊಂದಾಗ ಒಮ್ಮೆಯಾದರೂ ಸಿಕ್ಕಿರುವ ಸಾಧ್ಯತೆಗೆ ಸೂತ್ರ ಇದು:

```
1 - (1 - p)^n
```

ಇದರಲ್ಲಿ `p` ಅಂದರೆ ಡ್ರಾಪ್ ರೇಟ್, ನಮ್ಮ ಖಡ್ಗಕ್ಕೆ 0.01. ಈ ಲೆಕ್ಕದ ಪ್ರಕಾರ 69 ಸಲ ಕೊಲ್ಲುವ ಹೊತ್ತಿಗೆ ಅರ್ಧದಷ್ಟು ಜನಕ್ಕೆ ಸಿಕ್ಕಿರುತ್ತದೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಸಿಗಬೇಕಾದರೆ 230 ಸಲ ಬೇಕು, ನೂರರಲ್ಲಿ 99 ಜನಕ್ಕೆ ಸಿಗಬೇಕಾದರೆ 459 ಸಲ. ಸರಾಸರಿ ಮಾತ್ರ 100.

ಅರ್ಧ ಜನ 69ರಲ್ಲೇ ಮುಗಿಸಿದರೂ ಸರಾಸರಿ 100ಕ್ಕೆ ಏರುವುದು ಯಾಕೆ ಅಂದರೆ, ಉಳಿದರ್ಧದಲ್ಲಿ ಕೆಲವರು 300, 400ರ ತನಕ ಎಳೆಯುತ್ತಾರೆ. ಅವರ ಭಾರಕ್ಕೆ ಸರಾಸರಿ ಮೇಲಕ್ಕೆ ಜಗ್ಗುತ್ತದೆ.

ಬೇಟೆಗೆ ಇಳಿಯುವ ಮುಂಚೆ ಸಮಯ ಅಂದಾಜು ಮಾಡುವವರು ಸರಾಸರಿಯನ್ನಲ್ಲ, 230ನ್ನು ಹಿಡಿದು ಲೆಕ್ಕ ಹಾಕಲಿ. ಒಂದು ಸಲ ಕೊಲ್ಲಲು 4 ನಿಮಿಷ ಬೇಕಾದರೆ 100 ಸಲಕ್ಕೆ 6 ಗಂಟೆ 40 ನಿಮಿಷ. 230 ಸಲಕ್ಕೆ 15 ಗಂಟೆ 20 ನಿಮಿಷ. ಎರಡನೇ ಅಂಕಿ ನೋಡಿಯೂ ಆ ಖಡ್ಗ ಬೇಕು ಅನ್ನಿಸಿದರೆ ಮಾತ್ರ ಶುರುಮಾಡಿ. ಬೇರೆ ರೇಟ್‌ಗಳಿಗೆ ಬಾಯಿಲೆಕ್ಕ ಸುಲಭ: ಸರಾಸರಿಯನ್ನು 0.7ರಿಂದ ಗುಣಿಸಿದರೆ ಅರ್ಧ ಜನರ ಗೆರೆ, 2.3ರಿಂದ ಗುಣಿಸಿದರೆ ಶೇ 90ರ ಗೆರೆ, 4.6ರಿಂದ ಗುಣಿಸಿದರೆ ಶೇ 99ರ ಗೆರೆ. ರೇಟ್ ಶೇ 5ಕ್ಕಿಂತ ಕಡಿಮೆ ಇರುವಾಗ ಇದು ಸಾಕಷ್ಟು ನಿಖರ.

300 ಆಯ್ತು, ಏನೂ ಬಂದಿಲ್ಲ. ಈಗ ಬರೋ ಹೊತ್ತು ಹತ್ತಿರ ಆಗಿರ್ಬೇಕಲ್ವಾ?

ಆಗಿಲ್ಲ. ನೀವು ಸೋತ 300 ಸಲದ ನೆನಪು ಡಬ್ಬಿಗೆ ಇಲ್ಲ. 301ನೇ ಸಲಕ್ಕೂ ಶೇ 1, ಇವತ್ತು ಆಟ ಶುರುಮಾಡಿದವನ ಮೊದಲ ಸಲಕ್ಕೂ ಶೇ 1. ಇನ್ನು ಮುಂದಿನ ನೂರರೊಳಗೆ ನಿಮಗೆ ಸಿಗುವ ಸಾಧ್ಯತೆ ಶೇ 63.4, ಅವನಿಗೂ ಅಷ್ಟೇ.

ಇಲ್ಲಿ ಎರಡು ಮಾತು ಕಲಸಿಹೋಗುತ್ತವೆ. 'ಸತತ 400 ಸಲ ಖಾಲಿ ಹೋಗೋದು ಅಪರೂಪ' ಅನ್ನುವುದು ನಿಜ, ಅದರ ಸಾಧ್ಯತೆ ಶೇ 1.8. ಆದರೆ ಅದು ಸೊನ್ನೆಯಿಂದ ಎಣಿಸಿದಾಗಿನ ಮಾತು. ನೀವು ಈಗಾಗಲೇ 300ರಲ್ಲಿ ನಿಂತಿದ್ದೀರಿ. ಆ ಅಪರೂಪದ ದಾರಿಯಲ್ಲಿ ಬಹುಪಾಲು ನಡೆದಾಗಿದೆ. ಅಲ್ಲಿಂದ ಇನ್ನೂ ನೂರು ಖಾಲಿ ಹೋಗುವ ಸಾಧ್ಯತೆ ಮೊದಲಿನಂತೆಯೇ ಶೇ 36.6.

'ಇಷ್ಟು ಕೊಂದಾಯ್ತು, ಈಗ ಬಿಟ್ಟರೆ ಎಲ್ಲ ವ್ಯರ್ಥ' ಅನ್ನುವುದೂ ಇದೇ ಎಡವಟ್ಟಿನ ಇನ್ನೊಂದು ಮುಖ. 300 ಕೊಂದದ್ದರಿಂದ ಖಡ್ಗ ಒಂದಿಂಚೂ ಹತ್ತಿರ ಬಂದಿಲ್ಲ, ಹಾಗಾಗಿ ಬಿಟ್ಟರೆ ಕಳೆದುಕೊಳ್ಳುವಂಥದ್ದೂ ಏನಿಲ್ಲ. ಮುಂದಕ್ಕೆ ಸರಾಸರಿ ನೂರು ಸಲ ಕೊಲ್ಲಬೇಕು, ಅದಕ್ಕೆ ಈ ಖಡ್ಗ ಯೋಗ್ಯವೇ ಅಂತ ಕೇಳಿಕೊಳ್ಳಿ. ಗೇಮ್‌ನಲ್ಲಿ ಪಿಟಿ ಲೆಕ್ಕ, ಅಂದರೆ ಇಂತಿಷ್ಟು ಸಲ ಸೋತರೆ ಗ್ಯಾರಂಟಿಯಾಗಿ ಕೊಡುವ ನಿಯಮ, ಇದ್ದರೆ ಮಾತ್ರ ಈ ಉತ್ತರ ಬದಲಾಗುತ್ತದೆ. ಅದರ ವಿಷಯ ಕೊನೆಯ ಭಾಗದಲ್ಲಿದೆ.

ಲಾಗೌಟ್ ಮಾಡಿ ಬಂದ್ರೆ, ಸರ್ವರ್ ಬದಲಿಸಿದ್ರೆ, ರಾತ್ರಿ ಹೊತ್ತು ಆಡಿದ್ರೆ ಏನಾದ್ರೂ ಉಪಯೋಗ ಇದ್ಯಾ?

ಇಲ್ಲ. ಲಾಗೌಟ್ ಮಾಡಿ ಬಂದ ತಕ್ಷಣ ಖಡ್ಗ ಬಿದ್ದವನು ಅದನ್ನು ಊರಿಗೆಲ್ಲ ಹೇಳುತ್ತಾನೆ, ಲಾಗೌಟ್ ಮಾಡಿ ಬಂದೂ ಬೀಳದವನು ಸುಮ್ಮನಿರುತ್ತಾನೆ. ಈ ನಂಬಿಕೆ ಬದುಕಿರುವುದು ಅಷ್ಟರಿಂದಲೇ.

## ಅನ್ಯಾಯ ಅನ್ನಿಸುವುದು ಯಾಕೆ

ನನ್ನ ಫ್ರೆಂಡ್‌ಗೆ ಆರನೇ ಸಲಕ್ಕೇ ಬಂತು. ನನಗೆ 400 ಆದ್ರೂ ಇಲ್ಲ. ಇದು ಹೇಗೆ ಸರಿ?

ಅದೃಷ್ಟಕ್ಕೆ ಒಂದು ಕೊನೆ ಇದೆ, ದುರದೃಷ್ಟಕ್ಕೆ ಇಲ್ಲ. ನೀವು ಎಷ್ಟೇ ಪುಣ್ಯವಂತರಾದರೂ ಮೊದಲ ಸಲಕ್ಕಿಂತ ಮುಂಚೆ ಖಡ್ಗ ಬೀಳಲಾರದು. ಸರಾಸರಿಗೆ ಹೋಲಿಸಿದರೆ ಹೆಚ್ಚೆಂದರೆ 99 ಸಲದ ಶ್ರಮ ಉಳಿಯುತ್ತದೆ, ಅದಕ್ಕಿಂತ ಹೆಚ್ಚು ಉಳಿಸಲು ಯಾರಿಗೂ ಸಾಧ್ಯವಿಲ್ಲ. ಇತ್ತ ಕೆಟ್ಟ ಅದೃಷ್ಟಕ್ಕೆ ಮಿತಿಯೇ ಇಲ್ಲ. ನೂರರಲ್ಲಿ ಒಬ್ಬ ಮೊದಲ ಸಲಕ್ಕೇ ಪಡೆದು 99 ಸಲ ಉಳಿಸಿಕೊಂಡರೆ, ಅವನಷ್ಟೇ ಅಪರೂಪದ ನತದೃಷ್ಟ 459 ದಾಟಿ ಸರಾಸರಿಗಿಂತ 359 ಸಲ ಹೆಚ್ಚು ಕೊಂದಿರುತ್ತಾನೆ. ಅಪರೂಪ ಇಬ್ಬರದ್ದೂ ಸಮ, ಅನುಭವ ಮಾತ್ರ ಸಮ ಅಲ್ಲ.

ಅದೂ ಅಲ್ಲದೆ, ಗೆಳೆಯನ ಆರನೇ ಸಲ ಅಂಥ ಪವಾಡವೇನಲ್ಲ. ಮೊದಲ ಆರರೊಳಗೆ ಸಿಗುವ ಸಾಧ್ಯತೆ ಶೇ 5.9. ಇಪ್ಪತ್ತು ಜನರ ಬಳಗ ಒಟ್ಟಿಗೆ ಬೇಟೆಗೆ ಇಳಿದರೆ ಹೆಚ್ಚುಕಡಿಮೆ ಒಬ್ಬರಿಗೆ ಹಾಗೆ ಆಗುತ್ತದೆ, ಆ ಸ್ಕ್ರೀನ್‌ಶಾಟ್ ಮಿಕ್ಕ ಹತ್ತೊಂಬತ್ತು ಜನರ ಕಣ್ಣಿಗೆ ಬೀಳುತ್ತದೆ.

ಎಲ್ಲಿ ನೋಡಿದ್ರೂ ಡ್ರೈ ಅಂತ ಗೋಳಾಡೋರೇ ಇದ್ದಾರೆ. ರೇಟ್ ನಿಜ ಆಗಿದ್ರೆ ಇಷ್ಟು ಜನ ಯಾಕಿರ್ತಾರೆ?

ಗೋಳಾಡುವವರೇ ಹೆಚ್ಚು ಮಾತಾಡುತ್ತಾರೆ ಅನ್ನುವ ಉತ್ತರ ಎಲ್ಲರಿಗೂ ಗೊತ್ತು, ಅದರಲ್ಲಿ ಹುರುಳೂ ಇದೆ. ಆದರೆ ಯಾರೂ ಉತ್ಪ್ರೇಕ್ಷೆ ಮಾಡದಿದ್ದರೂ, ಎಲ್ಲರೂ ಸತ್ಯವನ್ನೇ ಹೇಳಿದರೂ, ಬರದ ಕಥೆಗಳೇ ಹೆಚ್ಚು ಕೇಳಿಸುತ್ತವೆ. ಕಾರಣ ಎಣಿಕೆಯಲ್ಲೇ ಇದೆ.

ಸಾವಿರ ಜನ ಖಡ್ಗ ಸಿಗುವ ತನಕ ಬಿಡದೆ ಆಡಿದರು ಅಂದುಕೊಳ್ಳೋಣ. ಎಲ್ಲರದ್ದೂ ಸೇರಿ ಸುಮಾರು ಒಂದು ಲಕ್ಷ ಸಲ ಬಾಸ್ ಸಾಯುತ್ತಾನೆ. ಇವರಲ್ಲಿ ನೂರು ದಾಟಿದವರು ಸುಮಾರು 366 ಜನ. ನೂರು ದಾಟಿದ ಮೇಲೂ ಮುಂದಕ್ಕೆ ಸರಾಸರಿ ಇನ್ನೂ ನೂರು ಬೇಕು ಅಂತ ಹಿಂದೆಯೇ ನೋಡಿದೆವು, ಹಾಗಾಗಿ ಈ 366 ಜನ ತಲಾ ಸರಾಸರಿ 200 ಸಲ ಕೊಲ್ಲುತ್ತಾರೆ. ಒಟ್ಟು 73,200. ಉಳಿದ 634 ಜನರ ಪಾಲಿಗೆ ಬರುವುದು 26,800 ಮಾತ್ರ.

ಅಂದರೆ ಮೂರನೇ ಒಂದು ಭಾಗದಷ್ಟು ಜನ ಒಟ್ಟು ಶ್ರಮದ ಮುಕ್ಕಾಲು ಪಾಲನ್ನು ಮಾಡುತ್ತಾರೆ. ನೀವು ಯಾವುದೋ ಹೊತ್ತಿನಲ್ಲಿ ಆ ಬಾಸ್ ಇರುವ ಗುಹೆಗೆ ಹೋಗಿ, ಅಲ್ಲಿ ಹೊಡೆದಾಡುತ್ತಿರುವವನೊಬ್ಬನನ್ನು ನೋಡಿದರೆ, ಅವನ ಬೇಟೆ ನೂರು ದಾಟಿಯೇ ಮುಗಿಯುವಂಥದ್ದಾಗಿರುವ ಸಾಧ್ಯತೆ ಶೇ 73. ಬೇಗ ಸಿಕ್ಕವರು ಹೊರಟುಹೋಗಿರುತ್ತಾರೆ, ಗುಹೆಯಲ್ಲಿ ಕಾಣುವುದು ಉಳಿದವರು. ನಿಮ್ಮ ಸ್ವಂತ ಆಟದ ಗಂಟೆಗಳಿಗೂ ಇದೇ ಲೆಕ್ಕ. ಹತ್ತು ವಸ್ತು ಗಳಿಸಿದ್ದರೂ ನೆನಪಿನಲ್ಲಿ ಉಳಿಯುವ ಗಂಟೆಗಳೆಲ್ಲ ಆ ಮೂರ್ನಾಲ್ಕು ಉದ್ದದ ಬೇಟೆಗಳವು. ಅದು ನೆನಪಿನ ದೋಷ ಅಲ್ಲ, ನಿಜವಾಗಿ ಹೆಚ್ಚು ಸಮಯ ಹೋದದ್ದೇ ಅಲ್ಲಿ.

ಯಾವ ಗೇಮ್ ಆಡಿದ್ರೂ ಒಂದು ವಸ್ತು ನನಗೆ ಕೈಕೊಟ್ಟೇ ಕೊಡುತ್ತೆ. ನನ್ನ ಅಕೌಂಟ್‌ಗೇ ಶಾಪ ಇದ್ಯಾ?

ಶಾಪ ಇಲ್ಲ, ನೀವು ಹೆಚ್ಚು ಬೇಟೆ ಆಡಿದ್ದೀರಿ ಅಷ್ಟೇ. ಯಾವುದೇ ಒಂದು ವಸ್ತು ತನ್ನ ಸರಾಸರಿಯ ಮೂರು ಪಟ್ಟು ಎಳೆಯುವ ಸಾಧ್ಯತೆ ಸುಮಾರು ಶೇ 5, ಅಂದರೆ ಇಪ್ಪತ್ತಕ್ಕೆ ಒಂದು. ಒಂದೊಂದು ಬೇಟೆ ನೋಡಿದರೆ ಇದು ಅಪರೂಪ. ಆದರೆ ವರ್ಷಗಟ್ಟಲೆ ಆಡಿ ಇಪ್ಪತ್ತು ಅಪರೂಪದ ವಸ್ತುಗಳ ಹಿಂದೆ ಬಿದ್ದವರಲ್ಲಿ ಶೇ 63ರಷ್ಟು ಜನಕ್ಕೆ ಅಂಥ ಒಂದಾದರೂ ಬರ ತಗುಲಿರುತ್ತದೆ. ಒಂದೂ ತಗುಲದೆ ಪಾರಾದವರೇ ಅಲ್ಪಸಂಖ್ಯಾತರು.

ಸೆಟ್‌ನ ನಾಲ್ಕರಲ್ಲಿ ಮೂರು ಬಂದಿದೆ, ಕೊನೇದು ಮಾತ್ರ ಬರ್ತಾನೇ ಇಲ್ಲ. ಬೇಕಂತ ತಡೆದಿದ್ದಾರಾ?

ತಡೆಯಬೇಕಾದ ಅಗತ್ಯವೇ ಇಲ್ಲ. ಬಾಸ್ ಶೇ 1ರಂತೆ ಕವಚದ ಒಂದು ಭಾಗ ಬೀಳಿಸುತ್ತಾನೆ, ನಾಲ್ಕು ಭಾಗಗಳಿಗೂ ಸಮಾನ ಅವಕಾಶ ಅಂದುಕೊಳ್ಳಿ. ಮೊದಲ ಸಲ ಯಾವುದು ಬಿದ್ದರೂ ಹೊಸದೇ, ಹಾಗಾಗಿ ಸರಾಸರಿ 100 ಸಲ. ಎರಡನೆಯದಕ್ಕೆ ನಾಲ್ಕರಲ್ಲಿ ಮೂರು ಮಾತ್ರ ಹೊಸವು, 133 ಸಲ. ಮೂರನೆಯದಕ್ಕೆ 200. ಕೊನೆಯದಕ್ಕೆ ಬೀಳುವ ನಾಲ್ಕರಲ್ಲಿ ಒಂದಷ್ಟೇ ನಿಮಗೆ ಬೇಕಾದದ್ದು, ಹಾಗಾಗಿ 400. ಒಟ್ಟು 833ರಲ್ಲಿ ಹತ್ತಿರ ಹತ್ತಿರ ಅರ್ಧ ಕೊನೆಯ ಒಂದು ಭಾಗಕ್ಕೇ ಹೋಗುತ್ತದೆ. ಆ 400ರ ಅವಧಿಯಲ್ಲಿ ಬೇಡದ ಭಾಗಗಳು ಸರಾಸರಿ ಮೂರು ಸಲ ಬಿದ್ದು ಅಣಕಿಸುತ್ತವೆ, ಸಿಟ್ಟಿಗೆ ಅರ್ಧ ಕಾರಣ ಅದು. ಇದ್ದ ಭಾಗವನ್ನು ಮತ್ತೆ ಬೀಳಿಸದ ಹಾಗೆ ಗೇಮ್‌ನವರು ನಿಯಮ ಮಾಡಿದರೆ ಇಡೀ ಸೆಟ್ 400 ಸಲದಲ್ಲಿ ಮುಗಿಯುತ್ತದೆ. ಪ್ರಕಟಿಸಿದ ಶೇ 1 ಎರಡೂ ಕಡೆ ಒಂದೇ.

## ಸಂಶಯ ಬಂದಾಗ

ಶೇ 1 ಅಂತ ಬರೆದಿದ್ದಾರೆ ಸರಿ, ಆದ್ರೆ ಅದು ಯಾವುದರ ಶೇ 1?

ಕೇಳಬೇಕಾದ ಪ್ರಶ್ನೆ ಇದೇ. ಅಂಕಿ ಪ್ರಾಮಾಣಿಕವಾಗಿದ್ದರೂ ಅದರ ಸುತ್ತಲಿನ ವಾಕ್ಯ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರಬಹುದು. ಮೂರು ಕಡೆ ನೋಡಿ.

ಮೊದಲನೆಯದು, ಎರಡು ಮೆಟ್ಟಿಲಿನ ಡ್ರಾಪ್. ಬಾಸ್‌ನಿಂದ ಪೆಟ್ಟಿಗೆ ಬೀಳುವುದು ಶೇ 1, ಪೆಟ್ಟಿಗೆಯೊಳಗೆ ನಾಲ್ಕು ಆಯುಧಗಳಲ್ಲಿ ಒಂದು. ನಿಮ್ಮ ಖಡ್ಗದ ನಿಜವಾದ ರೇಟ್ ಶೇ 0.25, ಸರಾಸರಿ 400.

ಎರಡನೆಯದು, ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿ ತೋರಿಸುವುದು. ಪರದೆಯ ಮೇಲೆ 1% ಅಂತ ಕಾಣುವುದು ನಿಜದಲ್ಲಿ ಶೇ 0.5 ಇರಬಹುದು, ಶೇ 1.4 ಕೂಡ ಇರಬಹುದು. ಒಂದರಲ್ಲಿ ಸರಾಸರಿ 200, ಇನ್ನೊಂದರಲ್ಲಿ 71. ದಶಾಂಶ ಕೊಡದ ಸಣ್ಣ ರೇಟ್‌ಗಳನ್ನು ಈ ಕಾರಣಕ್ಕೆ ಅರ್ಧ ಮಾತ್ರ ನಂಬಬೇಕು.

ಮೂರನೆಯದು ಬೂಸ್ಟ್. 'ಡ್ರಾಪ್ ರೇಟ್ 50% ಹೆಚ್ಚಳ' ಅಂದರೆ ಸಾಮಾನ್ಯವಾಗಿ ಶೇ 1 ಇದ್ದದ್ದು ಶೇ 1.5 ಆಗುತ್ತದೆ, ಶೇ 51 ಅಲ್ಲ. ಅದರ ಉಪಯೋಗ ಇಲ್ಲವೆಂದಲ್ಲ. 300 ಸಲ ಡ್ರೈ ಹೋಗುವ ಸಾಧ್ಯತೆ ಶೇ 4.9ರಿಂದ ಶೇ 1.1ಕ್ಕೆ ಇಳಿಯುತ್ತದೆ. ಆದರೆ ನೂರು ಸಲ ಡ್ರೈ ಹೋಗುವವರು ಆಗಲೂ ಶೇ 22ರಷ್ಟು ಇರುತ್ತಾರೆ, 'ಬೂಸ್ಟ್ ಕೆಲಸ ಮಾಡಲ್ಲ' ಅನ್ನುವ ದೂರು ಅವರಿಂದ ಬರುತ್ತದೆ.

ಕಂಪನಿಯೇ ಸುಳ್ಳು ಹೇಳ್ತಿದ್ರೆ ಪತ್ತೆ ಹಚ್ಚೋದು ಹೇಗೆ?

ಒಬ್ಬರ ಬರದಿಂದ ಪತ್ತೆಯಾಗುವುದು ಕಷ್ಟ. `n` ಸಲ ಕೊಂದು ಒಂದೂ ಬೀಳದಿದ್ದರೆ, ನಿಜವಾದ ರೇಟ್ ಸುಮಾರು `3/n`ವರೆಗೂ ಇರಬಹುದು ಅಂತ ಶೇ 95 ಭರವಸೆಯಿಂದ ಹೇಳಬಹುದು, ಅಂಕಿಅಂಶದವರು ಬಳಸುವ ಹಳೆಯ ಅಡ್ಡಲೆಕ್ಕ ಇದು. 300 ಸಲ ಸೊನ್ನೆ ಅಂದರೆ 3/300, ಅಂದರೆ ಶೇ 1. ನಿಮ್ಮ 300 ಸಲದ ಸಂಕಟ ಕಂಪನಿಯ ಮಾತಿಗೆ ಗಡಿಯಲ್ಲಾದರೂ ಹೊಂದಿಕೊಳ್ಳುತ್ತದೆ. ಒಂದು ಲಕ್ಷ ಜನ ಆ ಖಡ್ಗದ ಹಿಂದೆ ಬಿದ್ದಿದ್ದರೆ ಸಾವಿರ ಸಲವೂ ಸಿಗದವರು ಅವರಲ್ಲಿ ನಾಲ್ವರು ಇರುವುದು ಸಹಜ.

ಪತ್ತೆ ಮಾಡಬೇಕಾದರೆ ಲೆಕ್ಕ ಒಟ್ಟುಗೂಡಿಸಬೇಕು. ಹತ್ತು ಜನ ಸೇರಿ, ಇವತ್ತಿನಿಂದ ತಲಾ 500 ಸಲ ಅಂತ ಮುಂಚೆಯೇ ಮಾತಾಡಿಕೊಂಡು, ಬಿದ್ದರೂ ಬೀಳದಿದ್ದರೂ 500 ಮುಗಿಸಿ. ಒಟ್ಟು 5,000 ಸಲಕ್ಕೆ 50 ಖಡ್ಗ ನಿರೀಕ್ಷೆ. 36ರಿಂದ 64ರೊಳಗೆ ಬಂದರೆ ಶೇ 1ಕ್ಕೆ ವಿರುದ್ಧವಾಗಿ ಹೇಳಲು ಏನೂ ಇಲ್ಲ. 30 ಬಂದರೆ ಗಂಭೀರವಾಗಿ ಸಂಶಯಪಡಿ, ಮತ್ತೊಂದು ಸುತ್ತು ಎಣಿಸಿ. ನಿಜವಾದ ರೇಟ್ ಶೇ 0.5 ಆಗಿದ್ದರೆ 25ರ ಆಸುಪಾಸು ಬಂದು ಸಿಕ್ಕಿಬೀಳುತ್ತದೆ.

ಎಣಿಕೆ ಕೆಡುವುದು ಹೆಚ್ಚಾಗಿ ಎರಡು ಕಡೆ. ಸಿಟ್ಟು ಬಂದ ಮೇಲೆ ಎಣಿಸಲು ಶುರುಮಾಡಿ, ಹಿಂದಿನ ಖಾಲಿ ಸಲಗಳನ್ನೂ ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ಒಂದು. ಅದರಿಂದ ರೇಟ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇನ್ನೊಂದು ಸೂಕ್ಷ್ಮ: ಪ್ರತಿಯೊಬ್ಬರೂ ಖಡ್ಗ ಬಿದ್ದ ಕೂಡಲೇ ನಿಲ್ಲಿಸಿ 'ನನಗೆ 20 ಸಲಕ್ಕೆ ಬಂತು, ಅಂದರೆ ಶೇ 5' ಅಂತ ಬರೆದು, ಆಮೇಲೆ ಆ ಶೇಕಡಾವಾರುಗಳ ಸರಾಸರಿ ತೆಗೆಯುವುದು. ಶೇ 1ರ ಡ್ರಾಪ್‌ಗೆ ಈ ರೀತಿ ಸರಾಸರಿ ತೆಗೆದರೆ ಶೇ 4.65 ಬರುತ್ತದೆ! ಮೊದಲ ಸಲಕ್ಕೇ ಪಡೆದ ಒಬ್ಬನೇ ಶೇ 100 ಅಂತ ಬರೆದು ಇಡೀ ಪಟ್ಟಿಯನ್ನು ಎತ್ತಿಬಿಡುತ್ತಾನೆ. ಬಿದ್ದ ಒಟ್ಟು ಖಡ್ಗಗಳನ್ನು ಕೊಂದ ಒಟ್ಟು ಸಲಗಳಿಂದ ಭಾಗಿಸಿ, ಬೇರೆ ದಾರಿ ಹಿಡಿಯಬೇಡಿ.

ಸುಳ್ಳು ಹೇಳಿದ ಪ್ರಕರಣಗಳು ಇಲ್ಲವೇ ಇಲ್ಲ ಅಂತಲ್ಲ. 2024ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ನ್ಯಾಯಸಮ್ಮತ ವ್ಯಾಪಾರ ಆಯೋಗ ಮೇಪಲ್‌ಸ್ಟೋರಿ ಗೇಮ್‌ನ 'ಕ್ಯೂಬ್' ವಸ್ತುಗಳ ಸಾಧ್ಯತೆಯನ್ನು ಆಟಗಾರರಿಗೆ ತಿಳಿಸದೆ ಇಳಿಸಿದ್ದಕ್ಕೆ ನೆಕ್ಸಾನ್ ಕಂಪನಿಗೆ 1,100 ಕೋಟಿ ವಾನ್‌ಗೂ ಹೆಚ್ಚು ದಂಡ ಹಾಕಿತು. ಅದೇ ವರ್ಷ ಮಾರ್ಚ್‌ನಿಂದ ಅಲ್ಲಿ ಸಾಧ್ಯತೆಗಳನ್ನು ಪ್ರಕಟಿಸುವುದು ಕಾನೂನಿನ ಪ್ರಕಾರ ಕಡ್ಡಾಯ.

ಕಂಪನಿ ಪ್ರಾಮಾಣಿಕವಾಗಿದ್ರೂ ಅವರ ಆರ್‌ಎನ್‌ಜಿ ಕೆಟ್ಟಿರಬಹುದಲ್ವಾ?

ಯಾದೃಚ್ಛಿಕ ಸಂಖ್ಯೆ ಕೊಡುವ ಯಂತ್ರ ಕೆಡುವುದು ಬಹಳ ಕಡಿಮೆ. ಇವತ್ತು ಬಳಕೆಯಲ್ಲಿರುವ ಸಾಮಾನ್ಯ ಲೈಬ್ರರಿಗಳು ಖಡ್ಗ ಬೀಳಿಸುವಷ್ಟು ಕೆಲಸಕ್ಕೆ ಬೇಕಾದದ್ದಕ್ಕಿಂತ ಚೆನ್ನಾಗಿವೆ. ತಪ್ಪಾಗುವುದು ಆ ಸಂಖ್ಯೆಯನ್ನು ಹೋಲಿಸುವ ಸಾಲಿನಲ್ಲಿ:

```python
random.randint(1, 100) <= 1   # 1/100
random.randint(0, 100) < 1    # 1/101
random.randint(1, 100) < 1    # 0
```

ಮೂರೂ ನೋಡಲು ಒಂದೇ ಥರ. ಎರಡನೆಯದರಲ್ಲಿ ವ್ಯತ್ಯಾಸ ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು. ಮೂರನೆಯದರಲ್ಲಿ ಖಡ್ಗ ಜನ್ಮದಲ್ಲಿ ಬೀಳುವುದಿಲ್ಲ. ಇಂಥ ದೋಷದ ಗುರುತು ಏನೆಂದರೆ, ಬರ ಒಬ್ಬಿಬ್ಬರಿಗಲ್ಲ, ಇಡೀ ಸರ್ವರ್‌ಗೆ ಬರುತ್ತದೆ. ಆದ್ದರಿಂದ ದೂರು ಕೊಡುವ ಮುಂಚೆ, ಇತ್ತೀಚಿನ ಅಪ್‌ಡೇಟ್ ಆದಮೇಲೆ ಯಾರಿಗಾದರೂ ಅದು ಬಿದ್ದಿದೆಯೇ ಅಂತ ವಿಚಾರಿಸಿ. ಒಬ್ಬರಿಗೆ ಬಿದ್ದಿದ್ದರೂ ಈ ಬಗೆಯ ದೋಷದ ಮಾತು ಅಲ್ಲಿಗೆ ಮುಗಿಯಿತು.

ಈ ಲೆಕ್ಕಗಳನ್ನೆಲ್ಲ ನಾನೇ ಪರೀಕ್ಷೆ ಮಾಡಿ ನೋಡಬಹುದಾ?

ಪೈಥಾನ್ ಇದ್ದರೆ ನಿಮಿಷದೊಳಗೆ ಆಗುತ್ತದೆ. ಒಂದು ಲಕ್ಷ ಆಟಗಾರರನ್ನು ಬೇಟೆಗೆ ಬಿಡೋಣ:

```python
import random
p = 0.01
runs = []
for _ in range(100000):
    n = 1
    while random.random() >= p:
        n += 1
    runs.append(n)
runs.sort()
print(sum(runs)/len(runs), runs[50000], runs[90000], runs[99000], runs[-1])
```

ಕ್ರಮವಾಗಿ 100, 69, 230, 459ರ ಆಸುಪಾಸು ಸಂಖ್ಯೆಗಳು ಬರುತ್ತವೆ. ಕೊನೆಯದು ಎಲ್ಲರಿಗಿಂತ ನತದೃಷ್ಟನ ಲೆಕ್ಕ. ಅದು ಸಾಮಾನ್ಯವಾಗಿ 1,000 ದಾಟಿರುತ್ತದೆ, ಓಡಿಸಿದಾಗಲೆಲ್ಲ ಬದಲಾಗುತ್ತದೆ. ಇಲ್ಲಿ ಕಂಪನಿಯೂ ಇಲ್ಲ, ಮೋಸವೂ ಇಲ್ಲ, `p` ಎಷ್ಟು ಅಂತ ನಿಮ್ಮ ಕೈಯಾರೆ ಬರೆದಿದ್ದೀರಿ.

## ಗೇಮ್ ಮಾಡುವವರ ಕಡೆಯಿಂದ

ಇಂತಿಷ್ಟು ಸಲಕ್ಕೆ ಗ್ಯಾರಂಟಿ ಅಂತ ಪಿಟಿ ಇಟ್ಟರೆ ಆಗೋ ನಷ್ಟ ಏನು? ಯಾಕೆ ಇಡಲ್ಲ?

ನಷ್ಟ ಅಂದುಕೊಂಡದ್ದಕ್ಕಿಂತ ಕಡಿಮೆ. ನಮ್ಮ ಶೇ 1ರ ಖಡ್ಗಕ್ಕೆ 300ನೇ ಸಲ ಗ್ಯಾರಂಟಿ ಇಡೋಣ. ಸರಾಸರಿ 100ರಿಂದ 95.1ಕ್ಕೆ ಇಳಿಯುತ್ತದೆ, ಅಷ್ಟೇ. ಐದು ಸಲದಷ್ಟು ಆಟ ಬಿಟ್ಟುಕೊಟ್ಟರೆ 300 ದಾಟಿದ ಗೋಳೆಲ್ಲ ಒಂದೇ ಏಟಿಗೆ ಇಲ್ಲವಾಗುತ್ತದೆ. ಆ ಐದೂ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಮೂಲ ರೇಟನ್ನು ಶೇ 0.94ಕ್ಕೆ ಇಳಿಸಿದರೆ ಸರಾಸರಿ ಮತ್ತೆ 100ಕ್ಕೆ ಬಂದು ನಿಲ್ಲುತ್ತದೆ. ಇಷ್ಟು ಅಗ್ಗದಲ್ಲಿ ಸಿಗುವ ಪರಿಹಾರವನ್ನು ಹೊಸ ಗೇಮ್‌ಗಳೂ ಬಿಟ್ಟುಬಿಡುವುದು ನಮಗಂತೂ ಸೋಮಾರಿತನವಾಗಿ ಕಾಣುತ್ತದೆ.

ಒಂದು ಅಡ್ಡಪರಿಣಾಮ ಇದೆ. ಹಿಂದೆ 280 ಕೊಂದವನು ಯಾವಾಗ ಬೇಕಾದರೂ ಬಿಟ್ಟುಹೋಗಬಹುದಿತ್ತು, ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಗ್ಯಾರಂಟಿ ಬಂದ ಮೇಲೆ ಅವನ 280ಕ್ಕೆ ನಿಜವಾದ ಬೆಲೆ ಬರುತ್ತದೆ, ಇನ್ನು ಹೆಚ್ಚೆಂದರೆ 20. ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳಲ್ಲಿ ಈ ಎಳೆತವನ್ನು ಬೇಕೆಂದೇ ಬಳಸುತ್ತಾರೆ. ಹಾಗಾಗಿ ಲೆಕ್ಕ ಯಾವಾಗ ಸೊನ್ನೆಗೆ ಮರಳುತ್ತದೆ, ಒಂದು ಪೆಟ್ಟಿಗೆಯ ಲೆಕ್ಕ ಇನ್ನೊಂದಕ್ಕೆ ಸಲ್ಲುತ್ತದೆಯೇ, ಸೀಸನ್ ಮುಗಿದರೆ ಏನಾಗುತ್ತದೆ ಅನ್ನುವುದನ್ನು ಮೊದಲೇ ಓದಿಕೊಳ್ಳಿ.

ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಶೇ 0.6 ಅಂತಲೂ ಇದೆ, ಶೇ 1.6 ಅಂತಲೂ ಇದೆ. ಯಾವುದು ನಿಜ?

ಎರಡೂ ನಿಜ. ಆ ಗೇಮ್‌ನಲ್ಲಿ ಪಾತ್ರ ಪಡೆಯಲು ಚೀಟಿ ಎತ್ತುವುದಕ್ಕೆ 'ವಿಶ್' ಅನ್ನುತ್ತಾರೆ, ಅತಿ ಅಪರೂಪದ್ದಕ್ಕೆ ಐದು ನಕ್ಷತ್ರ. ಪಾತ್ರಗಳ ವಿಶ್‌ನಲ್ಲಿ ಐದು ನಕ್ಷತ್ರದ್ದು ಬರುವ ಮೂಲ ರೇಟ್ 0.6%, 90ರೊಳಗೆ ಗ್ಯಾರಂಟಿ. ಗ್ಯಾರಂಟಿಯನ್ನೂ ಸೇರಿಸಿ ದೀರ್ಘಕಾಲದ ಸರಾಸರಿ 1.6%, ಅಂದರೆ 62.5 ಸಲಕ್ಕೊಂದು.

ಈ ಮೂರು ಅಂಕಿ ಇಟ್ಟುಕೊಂಡು ಪ್ರಕಟಿಸದ ಒಂದು ಸಂಗತಿಯನ್ನು ಲೆಕ್ಕದಿಂದಲೇ ಹೊರತೆಗೆಯಬಹುದು. 89 ಸಲವೂ ರೇಟ್ ಶೇ 0.6ರಲ್ಲೇ ನಿಂತಿದ್ದು 90ಕ್ಕೆ ಮಾತ್ರ ಗ್ಯಾರಂಟಿ ಇದ್ದರೆ, ಸರಾಸರಿ ಎಷ್ಟಾಗಬೇಕು?

```
(1 - 0.994^90) / 0.006 = 69.7
```

69.7 ಸಲಕ್ಕೊಂದು ಅಂದರೆ ಶೇ 1.43. ಹೇಳಿರುವುದು ಶೇ 1.6. ಹೇಳಿದ್ದು ನಿಜವಾಗಬೇಕಾದರೆ 90 ಮುಟ್ಟುವ ಮುಂಚೆಯೇ ಎಲ್ಲೋ ರೇಟ್ ಏರಲೇಬೇಕು. ಆಟಗಾರರು ಲಕ್ಷಾಂತರ ವಿಶ್‌ಗಳ ದಾಖಲೆ ಸೇರಿಸಿ ಕಂಡುಕೊಂಡದ್ದೂ ಅದನ್ನೇ: 74ರ ಆಸುಪಾಸಿನಿಂದ ರೇಟ್ ಕಡಿದಾಗಿ ಏರುತ್ತದೆ. ಇದಕ್ಕೆ 'ಸಾಫ್ಟ್ ಪಿಟಿ' ಅನ್ನುತ್ತಾರೆ. ಇಲ್ಲಿ ಹಿಂದಿನ ಸಲಗಳ ನೆನಪು ಡಬ್ಬಿಗೆ ಇದೆ, 70 ಸಲ ಖಾಲಿ ಹೋದವನು ನಿಜಕ್ಕೂ ಹತ್ತಿರ ಬಂದಿರುತ್ತಾನೆ.

ಗ್ಯಾರಂಟಿ ಬದಲು ಪ್ರತಿ ಸಲ ಸೋತಾಗಲೂ ರೇಟ್ ಸ್ವಲ್ಪ ಏರಿಸಿದ್ರೆ?

ವಾರ್‌ಕ್ರಾಫ್ಟ್ 3 ಮತ್ತು ಡೋಟಾ 2ರಲ್ಲಿ ವಿಶೇಷ ಹೊಡೆತಗಳ ಸಾಧ್ಯತೆಗೆ ಇದೇ ವಿಧಾನ ಇದೆ. ಶೇ 25 ಅಂತ ಬರೆದಿರುವ ಕಡೆ ಮೊದಲ ಹೊಡೆತಕ್ಕೆ ನಿಜವಾಗಿ ಇರುವುದು ಶೇ 8.5 ಮಾತ್ರ. ತಪ್ಪಿದರೆ ಶೇ 17, ಮತ್ತೆ ತಪ್ಪಿದರೆ ಶೇ 25.4, ಹೀಗೆ ಅದೇ ಅಳತೆಯಲ್ಲಿ ಏರುತ್ತಾ 12ನೆಯದಕ್ಕೆ ಶೇ 100 ದಾಟುತ್ತದೆ. ತಗುಲಿದ ಕೂಡಲೇ ಮತ್ತೆ ಶೇ 8.5ಕ್ಕೆ ಇಳಿಯುತ್ತದೆ. ಒಟ್ಟಾರೆ ಸರಾಸರಿ ಶೇ 25 ಆಗಿಯೇ ಉಳಿಯುತ್ತದೆ. ಚೀಟಿಯ ಡಬ್ಬಿಯಲ್ಲಾದರೆ ಸತತ 12 ತಪ್ಪುವ ಸಾಧ್ಯತೆ ಶೇ 3.2 ಇತ್ತು, ಇಲ್ಲಿ ಅದು ಅಸಾಧ್ಯ.

ಇದನ್ನೇ ನಮ್ಮ ಖಡ್ಗಕ್ಕೆ ಹೊಲಿಯೋಣ. ಸರಾಸರಿ 100 ಇರಬೇಕಾದರೆ ಮೊದಲ ಸಲದ ರೇಟ್ ಶೇ 0.0156, ಪ್ರತಿ ಸಲ ಸೋತಾಗಲೂ ಅಷ್ಟೇ ಏರಿಕೆ. ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ: 300 ದಾಟಿ ಡ್ರೈ ಹೋಗುವವರು ಶೇ 4.9ರಿಂದ ಶೇ 0.1ಕ್ಕೂ ಕೆಳಗೆ ಇಳಿಯುತ್ತಾರೆ. 200 ದಾಟುವವರು ಶೇ 13.4 ಇದ್ದದ್ದು ಶೇ 4.2 ಆಗುತ್ತಾರೆ.

ಆದರೆ ಸರಾಸರಿ ಅಲ್ಲೇ ಇದೆಯಲ್ಲ, ಅಂದಮೇಲೆ ಆ ಉಳಿತಾಯ ಯಾರದ್ದೋ ಕೈಯಿಂದ ಬಂದಿರಬೇಕು. ಮೊದಲ ಹತ್ತು ಸಲದೊಳಗೆ ಖಡ್ಗ ಪಡೆಯುವವರು ಮುಂಚೆ ಶೇ 9.6 ಇದ್ದರು, ಈಗ ಶೇ 0.9. ಆರನೇ ಸಲಕ್ಕೇ ಖಡ್ಗ ಹಿಡಿದು ಸ್ಕ್ರೀನ್‌ಶಾಟ್ ಹಾಕಿದ ಆ ಗೆಳೆಯ ಈ ಗೇಮ್‌ನಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ನೂರು ದಾಟಿಯೂ ಸಿಗದವರು ಶೇ 36.6ರ ಬದಲು ಶೇ 45 ಆಗುತ್ತಾರೆ. ಬಹುಪಾಲು ಜನ 50ರಿಂದ 150ರ ನಡುವೆ ಬಂದು ಸೇರುತ್ತಾರೆ. ಇಂಥ ಗೇಮ್‌ನಲ್ಲಿ ದೂರು ಬೇರೆ ಥರದ್ದು ಬರುತ್ತದೆ: 'ಮೊದಲ ಐವತ್ತು ಸಲ ಕೊಲ್ಲೋದೇ ದಂಡ, ಅದರಲ್ಲಿ ಏನೂ ಬರಲ್ಲ.' ಅದು ಹೆಚ್ಚುಕಡಿಮೆ ನಿಜವಾದ ದೂರು, ಐವತ್ತರೊಳಗೆ ಸಿಗುವುದು ಶೇ 18ರಷ್ಟು ಜನಕ್ಕೆ ಮಾತ್ರ. ಚೀಟಿಯ ಡಬ್ಬಿಯಲ್ಲಿ ಅದು ಶೇ 39.5 ಇತ್ತು.